ಅವ್ವ ಕೆಲಸಕ್ಕೆ ಕೂತವ್ಳೆ

ಕರಿಯಪ್ಪನ ಗಂಟಲು ಎಂಥದ್ದಪ್ಪಾ ಅಂದರೆ, ಅವನು ಮೈಕು ಹಿಡಿದು ನಿಂತರೆ ಮೈಕಿಗೇ ತಾನ್ಯಾಕೆ ಬಂದೆನೋ ಅನ್ನಿಸಬೇಕು. ಪೋಲಿಯೋ ಹನಿ ಹಾಕುವುದಿರಲಿ, ನಾಳೆ ಕರೆಂಟು ತೆಗೆಯುವುದಿರಲಿ, ಯಾರದೋ ತಿಥಿಯ ಊಟವಿರಲಿ, ಆಟೋ ನೆತ್ತಿಗೆ ಹಾರನ್ನು ಕಟ್ಟಿಕೊಂಡು ಕೆ.ಆರ್.ಪೇಟೆ ಸೀಮೆಯ ಹಳ್ಳಿಗಳಲ್ಲಿ ಸಾರಿ ಬರುವವನು ಬೂಕನಕೆರೆಯ ಕರಿಯಪ್ಪನೇ. ಆಳು ನೋಡಿದರೆ ಪೀಚು. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದು. ಆ ಗೂಡಿನೊಳಗಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತಿತ್ತೋ ಅವನ ಹೆಂಡತಿ ಬೆಟ್ಟಮ್ಮನಿಗೂ ತಿಳಿಯದು. "ಈವಯ್ಯ ಉಣ್ಣುವಾಗ ಉಪ್ಪು ಕೇಳುದ್ರೆ ಆಚೆ ಬೀದಿಯೋರು ತಂದ್ಕೊಡ್ತಾರೆ ಕಣವ್ವ" ಅನ್ನುವಳು.

ಪ್ರಮೀಳಾ ಆ ಮನುಷ್ಯನನ್ನು ಕಾಣುವ ಮೊದಲು ಆ ದನಿಯನ್ನೇ ಕೇಳಿದ್ದು. ಅವಳಿರುವುದು ಪಾಂಡವಪುರದಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕುಗಳ ಬೇಸಾಯದ ಮಾತುಗಳನ್ನೆಲ್ಲ ಸೇರಿಸಿ ಒಂದು ನಿಘಂಟು ಮಾಡಿಕೊಡುವುದಾಗಿ ಮೈಸೂರಿನ ಒಂದು ಪ್ರಕಾಶನದವರಿಗೆ ಒಪ್ಪಿಕೊಂಡಿದ್ದಳು. ಬೂಕನಕೆರೆಗೆ ಹೋದ ಮೊದಲ ದಿನ ಅಂಗಡಿ ಮುಂದೆ ನಿಂತು ಹಳೇ ಮಾತು ಗೊತ್ತಿರುವವರು ಯಾರಿದ್ದಾರೆ ಅಂತ ಕೇಳುತ್ತಿದ್ದಾಗ, ಬೀದಿಯ ತಿರುವಿನಲ್ಲಿ ಆಟೋ ನಿಂತಿತು. ಒಂದು ಗಳಿಗೆ ಆಕೆಯನ್ನೇ ನೋಡಿ, ಆಮೇಲೆ ಹಾರನ್ನು ಕೂಗಿತು:

"ಮಾನ್ಯರೇ, ಪಾಂಡಪುರದಿಂದ ಒಬ್ಬವ್ವ ಬಂದವ್ರೆ. ನೇಗ್ಲು ನೊಗದ ಮಾತು ಗೊತ್ತಿರೋರು ಕಟ್ಟೆ ತಾವ ಬರಬೇಕು. ದುಡ್ಡು ಕೊಡಾಕಿಲ್ಲ, ಕಾಪಿ ಕುಡುಸ್ತಾರೆ!"

ಕಾಫಿಯ ಮಾತನ್ನು ಅವಳು ಆಡಿರಲಿಲ್ಲ. ಆದರೂ ಆವತ್ತು ಅರ್ಧ ಊರಿಗೆ ಕುಡಿಸಿದಳು.

ಅಲ್ಲಿಂದ ಮೂರು ವರ್ಷ ಕರಿಯಪ್ಪ ಅವಳ ಜೊತೆಗಾರನಾದ. ಬೆಳ್ಳೂರಿನ ಕಡೆ ರಾಗಿ ಒಕ್ಕುವ ಮಾತು, ಬಾಬುರಾಯನಕೊಪ್ಪಲಿನ ಗದ್ದೆಯ ಮಾತು, ಎಲ್ಲಿ ಹೋದರೂ ಅವನೇ ಮುಂದೆ. ಜನರನ್ನು ಮಾತಿಗೆ ಎಳೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅವಳು ಅವನನ್ನು ಕರಿಯಣ್ಣ ಅಂದಳು. ಅವನಿಗೆ ಅವಳು ಅವ್ವ. ವಯಸ್ಸಿನಲ್ಲಿ ಅವನೇ ಇಪ್ಪತ್ತು ವರ್ಷ ದೊಡ್ಡವನು, ಅದು ಬೇರೆ ಮಾತು.

ಈ ಕರಿಯಪ್ಪನಿಗೆ ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಮಾತಾಡಿದರೆ ಅಕ್ಷರವಾಗುವ ಉಪಾಯ ತೋರಿಸಿಕೊಟ್ಟರು. ಮುಗಿಯಿತು. ಹಸು ಕರೆಯುವಾಗ ಒಂದು ಮಾತು ನೆನಪಾದರೆ ಒಂದು ಮೇಲ್. ಹಲ್ಲುಜ್ಜುವಾಗ ಇನ್ನೊಂದು. "ಅವ್ವಾ, ಮಿಣಿ ಬರಕೊಂಡ್ಯಾ? ನೊಗಕ್ಕೆ ಕಟ್ಟೋ ಹಗ್ಗ ಕಣವ್ವ. ನಮ್ಮಪ್ಪ ಅದ್ರಲ್ಲೇ ನಂಗೂ ಬಾರಿಸ್ತಿದ್ದ, ಅದನ್ನೂ ಅರ್ಥದಲ್ಲಿ ಸೇರ್ಸು." ಮೇಲಿಗೆ ಒಂದೇ ಮಾತು, ಅದರ ಹಿಂದೆ ಮಾರುದ್ದ ಕತೆ. ದಿನಕ್ಕೆ ಇಪ್ಪತ್ತು ಬಂದರೂ ಬಂದವು.

ಅವನದೊಂದೇ ಆದರೆ ನಗುತ್ತ ಓದಬಹುದಿತ್ತು. ಪ್ರಕಾಶನದಲ್ಲಿ ಅಶೋಕ್ ಅಂತ ಒಬ್ಬ ಹುಡುಗ ಈ ಪುಸ್ತಕ ನೋಡಿಕೊಳ್ಳುವವನು. ಒಳ್ಳೆಯವನೇ, ಆದರೆ ಮೇಲ್ ಕಳಿಸಿ ಹತ್ತು ನಿಮಿಷಕ್ಕೆ "ಮೇಡಂ, ನನ್ನ ಮೇಲ್ ನೋಡಿದ್ರಾ?" ಅಂತ ಇನ್ನೊಂದು ಮೇಲ್ ಕಳಿಸುವ ಜಾತಿ. ಪ್ರಮೀಳಾ ಕಂಪ್ಯೂಟರಿನ ಒಂದು ಕಡೆ ನಿಘಂಟು, ಇನ್ನೊಂದು ಕಡೆ ಅಂಚೆ ತೆರೆದಿಟ್ಟುಕೊಂಡು ಕೂರುವಳು. ಟಿಣ್ ಅಂದರೆ ಆ ಕಡೆ ನೋಡಬೇಕು. ಟಿಣ್ ಅನ್ನದಿದ್ದರೆ, ಯಾಕೆ ಅನ್ನಲಿಲ್ಲ ಅಂತ ನೋಡಬೇಕು.

ಒಂದು ಮಾತಿಗೆ ಅರ್ಥ ಬರೆಯುವುದೆಂದರೆ ಹುಡುಗಾಟವಲ್ಲ. ಹತ್ತು ಜನ ಹತ್ತು ತರಹ ಹೇಳಿದ್ದನ್ನೆಲ್ಲ ತಲೆಯಲ್ಲಿ ಒಟ್ಟಿಗೆ ಹಿಡಿದುಕೊಂಡು, ಅದರಿಂದ ಎರಡು ಸಾಲು ಸೋಸಿ ತೆಗೆಯಬೇಕು. ಹಿಡಿದುಕೊಂಡಾಗ ಒಂದು ಟಿಣ್ ಬಂದರೆ ಎಲ್ಲ ಜಾರಿ ಬೀಳುತ್ತದೆ. ಮೇಲಿಗೆ ಉತ್ತರ ಬರೆಯಲು ಒಂದು ನಿಮಿಷ ಸಾಕು, ಜಾರಿದ್ದನ್ನು ಮತ್ತೆ ಎತ್ತಿ ಹೊಂದಿಸಲು ಅರ್ಧ ಗಂಟೆ ಹಿಡಿಯುತ್ತದೆ. ಹೀಗೇ ಒಂದು ದಿನ ಅಶೋಕನ ಮೇಲಿಗೆ ಉತ್ತರ ಕೊಟ್ಟು ವಾಪಸು ಬಂದವಳು, ಮೆದೆಯ ಅರ್ಥವನ್ನು ಹಗೇವಿನ ಎದುರು ಬರೆದುಬಿಟ್ಟಳು. ಮೆದೆ ಅಂದರೆ ನೆಲದ ಮೇಲೆ ಒಟ್ಟುವ ಹುಲ್ಲಿನ ಬಣವೆ. ಹಗೇವು ಅಂದರೆ ನೆಲ ತೋಡಿ ರಾಗಿ ತುಂಬಿಡುವ ಗುಳಿ. ತಪ್ಪು ಯಾರ ಕಣ್ಣಿಗೂ ಬೀಳದೆ ಮಾದರಿ ಪುಸ್ತಕದಲ್ಲಿ ಅಚ್ಚಾಯಿತು. ಅದನ್ನು ಊರವರಿಗೆ ಓದಿ ತೋರಿಸಿದ ನಾಗಮಂಗಲದ ಸಭೆಯಲ್ಲಿ ಒಬ್ಬ ಯಜಮಾನ ಎದ್ದು ನಿಂತು, "ಅಲ್ಲ ಕಣವ್ವ, ಹುಲ್ನ ನೆಲದೊಳಕ್ಕೆ ಊತಾಕುದ್ರೆ ದನ ಏನು ಗುದ್ಲಿ ಹಿಡ್ಕಂಡು ಬಂದಾವಾ?" ಅಂದ. ಸಭೆಗೆ ಸಭೆಯೇ ನಕ್ಕಿತು. ಕರಿಯಪ್ಪ ಮಾತ್ರ ನಗಲಿಲ್ಲ. ತಪ್ಪು ತನ್ನದೇ ಅನ್ನುವ ಹಾಗೆ ತಲೆ ಬಗ್ಗಿಸಿ ಕೂತಿದ್ದ.

ಮನೆಗೆ ಬಂದು ಅತ್ತೆ ಜಯಲಕ್ಷ್ಮಮ್ಮನ ಮುಂದೆ ಅವಳು ಅತ್ತಳು. ಜಯಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತ ಹೇಳಿದಳು:

"ದಿನಾ ನೋಡ್ತೀನಿ. ಅಡುಗೆಮನೆಗೂ ಆ ಪೋನು, ಮೆಟ್ಲು ಮೇಲೂ ಆ ಪೋನು. ನಾವೂ ಹಾಲು ಹಾಕ್ತೀವಿ ಡೈರಿಗೆ. ಕೊಟ್ಟಿಗೇಲಿ ಹಸ ಅದೆ ಅಂತ ಇಡೀ ದಿನ ಕೆಚ್ಚಲು ಮುಟ್ಕೊಂಡು ಕೂತೀವಾ? ಹೊತ್ತಾರೆ ಒಂದ್ಸಲ, ಸಂದೆ ಒಂದ್ಸಲ. ನಡುವೆ ಅದರ ಪಾಡಿಗೆ ಅದು ಮೆಲುಕು ಹಾಕ್ತದೆ, ನಮ್ಮ ಪಾಡಿಗೆ ನಾವು."

ಅವಳು ಬಯ್ದದ್ದು ಬಯ್ದಳು. ಪ್ರಮೀಳಾ ಅದನ್ನೇ ಹಿಡಿದುಕೊಂಡಳು. ಮೊಬೈಲಿನಿಂದ ಮೇಲನ್ನು ತೆಗೆದೇ ಹಾಕಿದಳು. ಕಂಪ್ಯೂಟರಿನ ಟಿಣ್ ಬಂದ್ ಮಾಡಿದಳು. ತಲೆ ತಿಳಿಯಾಗಿರುವ ಬೆಳಗಿನ ಹೊತ್ತು ಪೂರಾ ನಿಘಂಟಿಗೆ, ಊಟದಾಚೆಗೆ ಇನ್ನೊಂದು ಸರ್ತಿ. ಅಂಚೆ ನೋಡುವುದು ದಿನಕ್ಕೆ ಎರಡೇ ಸಲ: ಹನ್ನೊಂದೂವರೆಗೆ ಮತ್ತು ನಾಲ್ಕಕ್ಕೆ. ಆ ಹೊತ್ತನ್ನೂ ಸುಮ್ಮನೆ ಆರಿಸಲಿಲ್ಲ. ಅಶೋಕನ ಕಚೇರಿ ಬಾಗಿಲು ತೆಗೆದು, ಅವನು ಮೊದಲ ಕಂತು ಕಳಿಸಿ ಮುಗಿಸುವುದು ಹನ್ನೊಂದೂವರೆಯ ಹೊತ್ತಿಗೆ. ನಾಲ್ಕಕ್ಕೆ ಉತ್ತರ ಹೋದರೆ ಅವನು ಮನೆಗೆ ಹೊರಡುವ ಮುಂಚೆ ಕೆಲಸ ಮಾಡಿಕೊಳ್ಳಬಹುದು. ಕೂತಾಗ ಎಲ್ಲವನ್ನೂ ಒಂದೇ ಸಲ ನೋಡುವುದು, ಚಿಕ್ಕದಕ್ಕೆ ಅಲ್ಲೇ ಉತ್ತರ, ಯೋಚನೆ ಬೇಡುವುದನ್ನು ನಾಳಿನ ಕೆಲಸಕ್ಕೆ ಎತ್ತಿಡುವುದು, ಅರ್ಧ ಗಂಟೆಗೆ ಮುಚ್ಚುವುದು. ಬರೆದವರಿಗೆಲ್ಲ ತಾನಾಗಿಯೇ ಒಂದು ಉತ್ತರ ಹೋಗುವ ಹಾಗೆ ಮಾಡಿದಳು: ನಿಮ್ಮ ಪತ್ರವನ್ನು ಈ ಎರಡು ಹೊತ್ತಿನಲ್ಲಿ ನೋಡುತ್ತೇನೆ, ತುರ್ತಿದ್ದರೆ ಫೋನ್ ಮಾಡಿ.

ಮೊದಲ ವಾರ ಕೈ ಕಡಿತಕ್ಕೆ ಮಿತಿಯಿಲ್ಲ. ನೋಡದಿದ್ದರೂ, ಬಂದಿರಬಹುದು ಅನ್ನುವ ಯೋಚನೆಯೇ ಅರ್ಧ ಬುದ್ಧಿ ತಿನ್ನುತ್ತಿತ್ತು. ಅಶೋಕ್ ನಾಲ್ಕೈದು ಸಲ ಫೋನ್ ಮಾಡಿದ. ಮಾಡಿದ್ದೆಲ್ಲ ನಾಲ್ಕು ಗಂಟೆಯವರೆಗೆ ಕಾಯಬಹುದಾದದ್ದೇ. ಎರಡನೇ ವಾರಕ್ಕೆ ಅವನಿಗೂ ಅದು ತಿಳಿಯಿತು, ಬಿಟ್ಟ. ಮೂರನೇ ವಾರದಲ್ಲಿ ಪ್ರಮೀಳಾ ತಲೆಯೆತ್ತಿ ನೋಡಿದರೆ ಬಿಸಿಲು ಕಿಟಕಿಯಿಂದ ಗೋಡೆಗೆ ಹೋಗಿತ್ತು. ಅಷ್ಟು ಹೊತ್ತು ಮಾತಿನೊಳಗೆ ಮುಳುಗಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

ಕರಿಯಪ್ಪನಿಗೆ ಹೇಳುವುದು ಮಾತ್ರ ಕಷ್ಟವಾಯಿತು. ಅವನ ಮನೆಯ ಜಗಲಿಯಲ್ಲಿ ಕೂತು ಸುತ್ತಿ ಬಳಸಿ ಹೇಳಿದಳು. ಅವನ ಮುಖ ಸಣ್ಣದಾಯಿತು.

"ಅಂಗಾರೆ ನನ್ನ ಮಾತಿಂದ ನಿಂಗೆ ತೊಂದ್ರೆ ಆಯ್ತದೆ ಅನ್ನು."

"ನಿಮ್ಮಿಂದಲ್ಲ ಕರಿಯಣ್ಣ. ನೀವು ಯಾವಾಗ ಬೇಕಾದ್ರೂ ಕಳ್ಸಿ. ನಾನು ನೋಡೋದು ಮಾತ್ರ ಎರಡೊತ್ತು. ಅರ್ಜೆಂಟ್ ಇದ್ರೆ ಫೋನ್ ಮಾಡಿ. ನಿಮ್ಮ ನಂಬರ್ ಯಾವಾಗ್ಲೂ ರಿಂಗ್ ಆಗಂಗೆ ಇಟ್ಟಿದ್ದೀನಿ."

ಆಮೇಲೆ ಅವನ ಮನಸ್ಸಿನಲ್ಲಿ ಅದೇನು ಹೊಳೆಯಿತೋ, ಕಣ್ಣರಳಿಸಿ, "ಅಂದ್ರೆ ಪೂಜೆಗೆ ಕೂತಂಗೆ! ಅಂಗೆ ಹೇಳವ್ವ ಮತ್ತೆ!" ಅಂದ.

ಅವತ್ತಿನಿಂದ ಅವನಿಗೆ ಅದು ವ್ರತವಾಯಿತು. ಅವಳದಲ್ಲ, ಅವನದು. ಬೇರೆಯವರು ಅವಳಿಗೆ ಫೋನ್ ಮಾಡಹೊರಟರೂ ತಡೆಯುವನು. "ಲೇ, ಇಡ್ಲಾ ಪೋನ! ಅವ್ವ ಕೆಲಸಕ್ಕೆ ಕೂತವ್ಳೆ. ನಾಕಕ್ಕೆ ನೋಡ್ತಾಳೆ." ನಾಲ್ಕು ತಾಲೂಕಿನಲ್ಲಿ ಮಾತು ಕೊಟ್ಟವರಿಗೆಲ್ಲ ಅವನೇ ಇದನ್ನು ಸಾರಿ ಬಂದ. ಮೈಕು ಕಟ್ಟಲಿಲ್ಲ, ಅಷ್ಟೇ. ಅವನ ಮೇಲ್‌ಗಳೂ ಕಂತೆಯಾಗಿ ಬರತೊಡಗಿದವು. ದಿನವೆಲ್ಲ ನೆನಪಾದದ್ದನ್ನು ಸೇರಿಸಿಕೊಂಡು ಒಂದೇ ಸಲ ಹೇಳುವನು. ನಾಲ್ಕು ಗಂಟೆಗೆ ಕಾಫಿ ಲೋಟ ಹಿಡಿದು ಅದನ್ನು ಓದುವುದೆಂದರೆ ಪ್ರಮೀಳಾಗೆ ದಿನದ ಸುಖ. ಕೆಲಸ ಓಡಿತು. ಹಿಂದಿನ ಎರಡು ವರ್ಷದಲ್ಲಿ ಆಗದ್ದು ಎಂಟು ತಿಂಗಳಲ್ಲಿ ಆಯಿತು.

ಆ ಮಳೆಗಾಲದಲ್ಲಿ ಕರಿಯಪ್ಪನ ದನಿ ಒಡೆಯಿತು.

ಮೊದಲು ಶೀತ ಅಂದರು. ಬೆಟ್ಟಮ್ಮ ಮೆಣಸಿನ ಕಷಾಯ ಕುಡಿಸಿದಳು. ದನಿ ತರಿತರಿಯಾಯಿತು, ಆಮೇಲೆ ಮರಳು ಜರಡಿ ಹಿಡಿದಂತಾಯಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಜೀವ ಉಳಿಯುತ್ತದೆ, ಆದರೆ ಧ್ವನಿಪೆಟ್ಟಿಗೆ ಪೂರಾ ತೆಗೆಯಬೇಕು ಅಂದರು. ಕುತ್ತಿಗೆಯಲ್ಲಿ ಒಂದು ತೂತು ಇಟ್ಟಿರುತ್ತೇವೆ, ಉಸಿರು ಇನ್ನು ಮೇಲೆ ಅದರಿಂದಲೇ.

ಪ್ರಮೀಳಾ ಬೂಕನಕೆರೆಗೆ ಹೋದಾಗ ಕರಿಯಪ್ಪನೇ ನಗಿಸಿದ. "ಊರೋರ್ಗೆಲ್ಲ ಕೂಗಿ ಕೂಗಿ ಸವೆದೋಯ್ತು ಕಣವ್ವ. ಗ್ಯಾರಂಟಿ ಮುಗೀತು."

ನಿಘಂಟಿನ ಪ್ರತಿ ಮಾತಿನ ಪಕ್ಕ ಒಂದು ಚೌಕದ ಗುರುತು ಇರಬೇಕು, ಮೊಬೈಲು ಹಿಡಿದರೆ ಆ ಮಾತು ಕೇಳಬೇಕು ಅಂತ ಮೊದಲಿನಿಂದಲೂ ಗೊತ್ತುಮಾಡಿತ್ತು. ಹೇಳುವ ದನಿ ಕರಿಯಪ್ಪನದೇ. ಅದರಲ್ಲಿ ಎರಡು ಮಾತೇ ಇರಲಿಲ್ಲ. ಆದರೆ ಅದು ಕೊನೆಯ ಕೆಲಸ. ಅರ್ಥಗಳೆಲ್ಲ ಮುಗಿಯಲಿ, ಆಮೇಲೆ ನೆಮ್ಮದಿಯಾಗಿ ಕೂತು ಹಿಡಿಯೋಣ ಅಂತ ಪ್ರಮೀಳಾ ಮುಂದೆ ಹಾಕುತ್ತಲೇ ಬಂದಿದ್ದಳು. ಈಗ ಆಪರೇಷನ್ನು ಮುಂದಿನ ಬುಧವಾರ. ದನಿ ತರಿಯಾಗಿದ್ದರೂ ದನಿಯೇ. ಮಾತುಗಳಷ್ಟನ್ನೂ ಹಿಡಿಯಲಾಗದಿದ್ದರೂ ಒಂದು ದಿನದಲ್ಲಿ ಆದಷ್ಟು ಹಿಡಿಯಬಹುದು.

ಒಬ್ಬನೇ ಕೂತು ಮೊಬೈಲಿಗೆ ಹೇಳಿ ನೋಡಿದ್ದ ಅವನು. "ನೊಗ. ಮಿಣಿ. ಮೇಳಿ." ಕೇಳಿದರೆ ಕರೆಂಟು ತೆಗೆಯುವ ಪ್ರಕಟಣೆಯ ಹಾಗಿತ್ತು, ಅಳಿಸಿಹಾಕಿದ. "ಎದುರಿಗೆ ಕೇಳೋರು ಇಲ್ದೆ ನಂಗೆ ಮಾತು ಹೊಂಡಾಕಿಲ್ಲ ಕಣವ್ವ" ಅಂದ.

"ಭಾನುವಾರ ಬರ್ತೀನಿ ಕರಿಯಣ್ಣ. ನಾನು ಕೇಳ್ತೀನಿ, ನೀವು ಹೇಳಿ. ಇಡೀ ದಿನ ನಿಮ್ಗೇ."

"ಆಯ್ತು. ಭಾನುವಾರ."

ಗುರುವಾರ ಪ್ರಮೀಳಾ ಎಂದಿನಂತೆ ಮಹಡಿಯ ಮೇಲೆ ಕೂತಳು. ಹನ್ನೊಂದೂವರೆಗೆ ಅಂಚೆ ನೋಡಿದಳು. ಅಶೋಕನದು ಎರಡು, ನಾಗಮಂಗಲದ ಒಬ್ಬ ಮೇಷ್ಟರದು ಒಂದು. ಉತ್ತರ ಕೊಟ್ಟಳು, ಮುಚ್ಚಿದಳು. ಊಟ ಮಾಡಿ ಮತ್ತೆ ಹತ್ತಿದಳು. ಗದ್ದೆಗೆ ನೀರು ಹಾಯಿಸುವ ಮಾತುಗಳ ಸರದಿ ಅವತ್ತು. ತೂಬು, ತೆವರಿ, ಮಡಿ. ನೀರು ಹರಿದಂತೆ ಕೆಲಸ ಹರಿಯಿತು. ಮೊಬೈಲು ಪಕ್ಕದಲ್ಲೇ ಮಕಾಡೆ ಮಲಗಿತ್ತು. ಒಂದು ಸಲವೂ ಸದ್ದು ಮಾಡಲಿಲ್ಲ. ಎಷ್ಟು ದಿನದ ಮೇಲೆ ಇಂಥ ಮಧ್ಯಾಹ್ನ ಸಿಕ್ಕಿತಲ್ಲ ಅಂದುಕೊಂಡಳು.

ನಾಲ್ಕಕ್ಕೆ ಕಾಫಿ ಲೋಟ ಹಿಡಿದು ಅಂಚೆ ತೆರೆದಳು. ಎಲ್ಲಕ್ಕಿಂತ ಕೆಳಗೆ ಕರಿಯಪ್ಪನದು, ಮಧ್ಯಾಹ್ನ ಬಂದದ್ದು.

"ಅವ್ವಾ, ರಾತ್ರಿಯಿಂದ ಉಸುರು ಸುಯ್ ಅಂತದೆ. ಆಸ್ಪತ್ರೆಗೆ ಪೋನ್ ಮಾಡುದ್ರೆ ಬುಧವಾರಕ್ಕೆ ಕಾಯಬ್ಯಾಡಿ ಇವತ್ತೇ ಬಂದ್ಬುಡಿ ಅಂದ್ರು. ಆಚೆ ಮನೆ ಕುಮಾರ ಕಾರು ತತ್ತಾನೆ, ಮೂರು ಗಂಟೆ ಹೊತ್ಗೆ ಬುಡ್ತೀವಿ. ಅಷ್ಟರೊಳಗೆ ನೀನು ಬಂದ್ರೆ ಒಂದಷ್ಟು ಮಾತು ಹಿಡ್ಕಬೋದಾಗಿತ್ತು. ಕೆಲಸ ಇದ್ರೆ ಬ್ಯಾಡ. ಬೇಜಾರಿಲ್ಲ."

ಲೋಟ ಎಲ್ಲಿಟ್ಟಳೋ ಗೊತ್ತಿಲ್ಲ. ಕರಿಯಪ್ಪನ ನಂಬರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಬೆಟ್ಟಮ್ಮನ ನಂಬರು ಅವಳಲ್ಲಿರಲಿಲ್ಲ. ಮೂರು ವರ್ಷದಲ್ಲಿ ಅದು ಬೇಕಾಗುತ್ತದೆ ಅನ್ನಿಸಿರಲೇ ಇಲ್ಲ. ರೆಕಾರ್ಡರನ್ನು ಬ್ಯಾಗಿಗೆ ಹಾಕಿಕೊಂಡು, ಮೈಸೂರಿನ ಆಸ್ಪತ್ರೆಗೆ ಅಂತ ಗಂಡ ಶಿವಣ್ಣನ ಬೈಕಿನ ಹಿಂದೆ ಕೂತಳು. ಶ್ರೀರಂಗಪಟ್ಟಣ ದಾಟುವಾಗ ಹೊಳೆಯನ್ನೂ ನೋಡಲಿಲ್ಲ. ಅವನು ಮಾತಾಡುವ ಹಾಗಿದ್ದರೆ ಆಸ್ಪತ್ರೆಯ ಮಂಚದ ಮೇಲೇ ಹಿಡಿಯಬಹುದು, ಹತ್ತು ಮಾತಾದರೂ ಸಾಕು, ಒಂದಾದರೂ ಸಾಕು ಅಂತ ದಾರಿಯುದ್ದಕ್ಕೂ ಲೆಕ್ಕ ಇಳಿಸುತ್ತ ಹೋದಳು.

ಬೆಟ್ಟಮ್ಮ ಆಪರೇಷನ್ ಕೋಣೆಯ ಹೊರಗೆ ನೆಲದ ಮೇಲೆ ಕೂತಿದ್ದಳು. ಕರಿಯಪ್ಪನ ಚಪ್ಪಲಿ ಅವಳ ಮಡಿಲಲ್ಲಿತ್ತು.

"ಬಂದ್ಯಾ ನನ್ನವ್ವ" ಅಂದಳು. "ಬರ್ತಾ ಬರ್ತಾ ಉಸುರು ಕಟ್ತಾ ಬಂತು. ಇಲ್ಲಿಗೆ ಬರೋದಕ್ಕೂ ಮೊಕ ನೀಲಿಗಟ್ಟೋದಕ್ಕೂ ಸರೋಯ್ತು. ನಿಂತ ನಿಲುವಲ್ಲಿ ಒಳೀಕೆ ಎತ್ಕಂಡೋದ್ರು. ಕುತ್ಗೇಲಿ ತೂತು ಮಾಡ್ಬೇಕು, ಇಲ್ದಿದ್ರೆ ಉಳಿಯಾಕಿಲ್ಲ ಅಂದ್ರು. ಎಬ್ಬೆಟ್ಟು ಒತ್ದೆ."

"ಎಷ್ಟೊತ್ತಾಯ್ತು ಬೆಟ್ಟಮ್ಮ?"

"ಈಗ್ಲೇ ಕಣವ್ವ. ನೀನು ಬರೋಕೆ ಮುಂಚೆ."

ಪ್ರಮೀಳಾ ಅವಳ ಪಕ್ಕ ನೆಲದ ಮೇಲೆ ಕೂತಳು. "ನಂಗೊಂದು ಫೋನ್ ಮಾಡಕ್ಕೆ ಆಗ್ಲಿಲ್ವಾ?"

ಬೆಟ್ಟಮ್ಮ ಅವಳ ಮುಖ ನೋಡಿದಳು. ಹೇಳಲೋ ಬೇಡವೋ ಅಂತ ತಡವರಿಸಿ, ಆಮೇಲೆ ಹೇಳಿದಳು.

"ನಿಮ್ಮ ಬೀದಿ ಬಾಯಲ್ಲೇ ಬಂದ್ವಿ ಕಣವ್ವ. ನಿಮ್ಮ ಮಹಡಿ ಕಿಟಕಿ ಕಾಣ್ತಿತ್ತು. ಕುಮಾರ ಕಾರು ನಿಲ್ಸುದ. ಓಗಿ ಕರಕಂಡು ಬತ್ತೀನಿ, ನಮ್ ಜೊತೇಲೇ ಬರ್ಲಿ, ದಾರೀಲೇ ಮಾತು ಹಿಡ್ಕಳ್ಳಿ ಅಂತ ನಾನು ಬಾಗ್ಲು ತಗ್ದೆ. ಈವಯ್ಯ ಕೈ ಹಿಡ್ಕಂಬುಟ್ಟ. 'ಬ್ಯಾಡ, ಅವ್ವ ಕೆಲಸಕ್ಕೆ ಕೂತವ್ಳೆ. ನಾಕಕ್ಕೆ ನೋಡ್ತಾಳೆ, ನೋಡಿ ಬತ್ತಾಳೆ. ಆಮೇಲೆ ಆಸ್ಪತ್ರೇಲಿ ಮಾತಾಡ್ತೀನಿ' ಅಂದ. ಅದೇ ಕಣವ್ವ. ಅದಾದ್ಮೇಲೆ ಮಾತಾಡಿಲ್ಲ."

ಪ್ರಮೀಳಾಗೆ ಆ ಮಧ್ಯಾಹ್ನ ನೆನಪಾಯಿತು. ತೂಬಿನ ಅರ್ಥ ಎಷ್ಟು ಸೊಗಸಾಗಿ ಕೂಡಿ ಬಂದಿತ್ತು. ಬೀದಿ ಬಾಯಲ್ಲಿ ಕಾರು ನಿಂತಾಗ ಅವಳು ಅದನ್ನೇ ಬರೆಯುತ್ತಿದ್ದಿರಬೇಕು.

ತೂತು ಮಾಡಿದ ಮೇಲೆ ಉಸಿರು ಗಂಟಲಿಗೆ ಹತ್ತದೆ ಮಾತು ಹೊರಡಲೇ ಇಲ್ಲ. ಹದಿನೈದು ದಿನದ ಮೇಲೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಕರಿಯಪ್ಪ ಉಳಿದ. ಗಂಟಲಿಗೆ ಒತ್ತಿ ಹಿಡಿದರೆ ತುಟಿಯಾಡಿಸಿದ್ದನ್ನು ಗುಂಯ್‌ಗುಡುವ ದನಿ ಮಾಡಿ ಕೊಡುವ ಒಂದು ಯಂತ್ರವನ್ನು ಆಸ್ಪತ್ರೆಯವರು ಕೊಟ್ಟರು. ಮನೆಗೆ ಬಂದು ಒಂದು ಸಲ ಒತ್ತಿ "ಬೆಟ್ಟೀ" ಅಂದ. ಬೆಟ್ಟಮ್ಮ ಬೆಚ್ಚಿಬಿದ್ದಳು. ಅವನು ಅದನ್ನು ಅಟ್ಟದ ಮೇಲಿಟ್ಟ, ಮತ್ತೆ ಇಳಿಸಲಿಲ್ಲ.

ಮೂರು ವರ್ಷ ಅವನು ಆಡಿದ ಸಾವಿರಾರು ಮಾತು ಪ್ರಮೀಳಾಳ ಅಂಚೆಯಲ್ಲಿ ಹಾಗೇ ಇದ್ದವು. ಒಂದೊಂದೂ ಅವನ ಬಾಯಿಂದಲೇ ಹೊರಟದ್ದು. ಆದರೆ ಮೊಬೈಲು ಅಕ್ಷರವನ್ನು ಇಟ್ಟುಕೊಂಡು ದನಿಯನ್ನು ಗಾಳಿಗೆ ಬಿಟ್ಟಿತ್ತು. ಈಗ ಅವನು ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದ. "ಉಂಡೆ." "ಪರವಾಗಿಲ್ಲ." "ಹಸ ಈಯ್ತು." ಕತೆಯಿಲ್ಲ, ಅಪ್ಪನಿಲ್ಲ, ನಗುವಿಲ್ಲ.

ಪ್ರಮೀಳಾ ಮೇಲನ್ನು ಮೊಬೈಲಿಗೆ ಮತ್ತೆ ಹಾಕಿಕೊಂಡಳು. ಟಿಣ್ ಕೂಡ ಮತ್ತೆ ಬಂತು. ಒಲೆ ಮುಂದೆ, ಬಚ್ಚಲ ಬಾಗಿಲಲ್ಲಿ, ಮಾತಿನ ನಡುವೆ, ಎಲ್ಲೆಲ್ಲೂ ನೋಡುವಳು. ಅವನು "ಉಂಡೆ" ಅಂದರೆ ನಿಮಿಷದೊಳಗೆ "ಏನು ಸಾರು ಕರಿಯಣ್ಣ?" ಅನ್ನುವಳು. ನಿಘಂಟು ನಿಂತಿತು. ಬರೆದ ನಾಲ್ಕು ಪುಟದಲ್ಲಿ ಮೂರು ತಪ್ಪು ಹುಡುಕಿ ಅಶೋಕ್ ವಾಪಸು ಕಳಿಸಿದ. ಈ ಸಲ ಜಯಲಕ್ಷ್ಮಮ್ಮನೂ ಬಯ್ಯಲಿಲ್ಲ.

ಬಯ್ದವನು ಕರಿಯಪ್ಪನೇ. ಒಂದು ಮಧ್ಯಾಹ್ನ ಅವನ ಮೇಲ್ ಬಂತು, ಅವನು ಅದನ್ನು ಒತ್ತಲು ಎಷ್ಟು ಹೊತ್ತು ತಗೊಂಡನೋ: "ಕಳ್ಸಿದ ಗಳಿಗೆಗೇ ಉತ್ರ ಬತ್ತಾವೆ. ಅಂದ್ರೆ ಕೆಲಸಕ್ಕೆ ಕೂತಿಲ್ಲ ನೀನು. ನನ್ ಮಾತು ಹೋಯ್ತು. ಪುಸ್ತಕಾನೂ ಕಳೀಬ್ಯಾಡ."

ಮಾರನೇ ದಿನ ಅವಳು ಅವನ ಜಗಲಿಗೇ ಹೋದಳು. "ಅವತ್ತು ಫೋನ್ ಯಾಕೆ ಮಾಡ್ಲಿಲ್ಲ ಕರಿಯಣ್ಣ? ತುರ್ತಿದ್ರೆ ಮಾಡಿ ಅಂದಿದ್ನಲ್ಲ?" ಕೇಳಬಾರದು ಅಂತಲೇ ಹೋಗಿದ್ದಳು, ಬಾಯಿಗೆ ಬಂದುಬಿಟ್ಟಿತು.

ಅವನು ಮೊಬೈಲು ತೆಗೆದು ಒತ್ತಿ, ಅವಳ ಕಡೆ ತಿರುಗಿಸಿದ. "ನಂದೇನು ತುರ್ತು. ಉಸುರು ತಾನೆ ಅಂದ್ಕಂಡೆ."

ಅವಳು ಅದನ್ನು ಎರಡು ಸಲ ಓದಿದಳು. ತುರ್ತು ಯಾವುದು ಅಂತ ಗೊತ್ತುಮಾಡುವ ಕೆಲಸವನ್ನು ಅವಳು ಬರೆಯುವವರ ತಲೆಗೆ ಕಟ್ಟಿದ್ದಳು. ಅಶೋಕನಂಥವರಿಗೆ ಎಲ್ಲವೂ ತುರ್ತು. ಕರಿಯಪ್ಪನಂಥವರಿಗೆ ತಮ್ಮದು ಯಾವುದೂ ಅಲ್ಲ. ಅವಳ ಒಂದು ಸಾಲಿನ ಬಾಗಿಲಿನಲ್ಲಿ ಧೈರ್ಯವಿದ್ದವರು ನುಗ್ಗಿ ಬಂದರು. ಸಂಕೋಚದವನು ಬೀದಿಯಲ್ಲೇ ಕಾರು ನಿಲ್ಲಿಸಿ, ನೋಡಿಕೊಂಡು, ಮುಂದೆ ಹೋದ.

ಮನೆಗೆ ಬಂದು ಎಲ್ಲ ಮತ್ತೆ ಕಟ್ಟಿದಳು. ಟಿಣ್ ಹೋಯಿತು. ಊಟದ ಹೊತ್ತಿಗೆ ಇನ್ನೊಂದು ಸಲ ಅಂಚೆ ನೋಡುವುದು ಸೇರಿತು. ತಾನಾಗಿ ಹೋಗುವ ಉತ್ತರದಲ್ಲಿ ತುರ್ತು ಅನ್ನುವ ಮಾತನ್ನು ಅಳಿಸಿದಳು. ಕಾಯಿಲೆ, ಆಸ್ಪತ್ರೆ, ಇವತ್ತೇ ಊರು ಬಿಡುವುದು, ಇವುಗಳಲ್ಲಿ ಯಾವುದಿದ್ದರೂ ಯೋಚಿಸಬೇಡಿ, ಫೋನ್ ಮಾಡಿ, ನನಗೆ ತೊಂದರೆಯಿಲ್ಲ ಅಂತ ಬಿಡಿಸಿ ಬರೆದಳು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ತಾನೇ ಬೆಟ್ಟಮ್ಮನಿಗೆ ಫೋನ್ ಮಾಡುವುದನ್ನು ರೂಢಿ ಮಾಡಿಕೊಂಡಳು. ಎಲ್ಲ ಸರಿಯಾಗಿತ್ತು. ಎಲ್ಲ ಆ ಗುರುವಾರಕ್ಕಿಂತ ಈಚೆಗೆ ಆಗಿತ್ತು.

ಅರ್ಥಗಳು ಮುಗಿದವು. ದನಿಗೆ ಯಾರು ಅನ್ನುವ ಮಾತು ಬಂತು. ಮೈಸೂರಿನಲ್ಲಿ ಒಳ್ಳೆಯ ದನಿಯ ಹುಡುಗರಿದ್ದಾರೆ ಅಂದ ಅಶೋಕ್. ಕರಿಯಪ್ಪ ಬೇಡವೆಂದು ತಲೆಯಾಡಿಸಿ ಬೆಟ್ಟಮ್ಮನ ಕಡೆ ಬೆರಳು ತೋರಿಸಿದ. "ಥೂ, ನಾನಾ!" ಅಂದಳು ಬೆಟ್ಟಮ್ಮ. ಆದರೆ ಹೇಳಿದಳು. ಬೂಕನಕೆರೆಯ ನಡುಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ ಕೂತರು. ಪ್ರಮೀಳಾ ಕೇಳುವಳು, ಬೆಟ್ಟಮ್ಮ ಹೇಳುವಳು. ಕರಿಯಪ್ಪ ಎದುರಿಗೆ ಕೂತು, ಎಳೆಯಬೇಕಾದ ಕಡೆ ಕೈ ಎಳೆದು, ಕಡಿಯಬೇಕಾದ ಕಡೆ ಕಡಿದು ತೋರಿಸುವನು. ಪ್ರತಿ ಮಾತಿಗೂ ಅವನ ತುಟಿ ಆಡುತ್ತಿತ್ತು. ಮೊದಲ ದಿನ ಹಿಡಿದದ್ದನ್ನು ಪ್ರಮೀಳಾ ಅಶೋಕನಿಗೆ ಕಳಿಸಿದಳು.

ಮಾರನೇ ದಿನ ನಾಲ್ಕು ಗಂಟೆಗೆ ಅಲ್ಲೇ, ಬೆಟ್ಟಮ್ಮ ಕಾಫಿಗೆ ಎದ್ದಾಗ, ಅಂಚೆ ತೆರೆದು ನೋಡಿದಳು. ಅಶೋಕನದು. "ಮೇಡಂ, ಅಮ್ಮನ ದನಿ ತುಂಬ ಚೆನ್ನಾಗಿದೆ. ಆದರೆ ಪ್ರತಿ ಪದದ ಜೊತೆ ಏನೋ ಗಾಳಿ ಹಾದ ಹಾಗೆ ಸದ್ದು ಬರುತ್ತಿದೆ. ತೆಗೆಯಲು ಆಗುತ್ತಿಲ್ಲ. ದಯವಿಟ್ಟು ಮತ್ತೊಮ್ಮೆ ರೆಕಾರ್ಡ್ ಮಾಡುತ್ತೀರಾ?"

ಅವಳು ಹೆಡ್‌ಫೋನು ಹಾಕಿಕೊಂಡು ಕೇಳಿದಳು. ನೊಗ ಅಂತ ಬೆಟ್ಟಮ್ಮ ಅನ್ನುತ್ತಿದ್ದಳು, ಅದರ ಅಡಿಯಲ್ಲೇ ಸಣ್ಣಗೆ ಒಂದು ಉಸಿರು. ಮಿಣಿಯ ಕೆಳಗೂ ಅದೇ ಇತ್ತು, ಮೇಳಿಯ ಕೆಳಗೂ. ಕರಿಯಪ್ಪ ತಾನೂ ಮಾತುಗಳನ್ನು ಹೇಳುತ್ತಿದ್ದ. ಕುತ್ತಿಗೆಯ ತೂತಿನಿಂದ ಅವು ಗಾಳಿಯಾಗಿ ಹೊರಟಿದ್ದವು.

ಮುಚ್ಚೋಣ ಅಂದುಕೊಳ್ಳುವಷ್ಟರಲ್ಲಿ ಅವನು ಬಗ್ಗಿ ಓದಿ ಮುಗಿಸಿದ್ದ.

"ಇರ್ಲಿ ಕರಿಯಣ್ಣ. ಇದು ಹಿಂಗೇ ಇರ್ಲಿ, ನಾನು ಅಶೋಕನಿಗೆ ಹೇಳ್ತೀನಿ" ಅಂದಳು ಪ್ರಮೀಳಾ.

ಅವನು ಕೈ ಅಡ್ಡ ಆಡಿಸಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಬಿಳಿ ಟವೆಲ್ಲನ್ನು ಕುತ್ತಿಗೆಗೆ ಒತ್ತಿಕೊಂಡು ಎದ್ದ. ಬಾಗಿಲವರೆಗೆ ಹೋಗಿ, ತಿರುಗಿ, ಶುರು ಮಾಡಿ ಅನ್ನುವಂತೆ ಗಲ್ಲ ಆಡಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡ. ಜಗಲಿಯ ಮೇಲೆ ಅವನು ಕೂತದ್ದು ಬಾಗಿಲ ಸಂದಿಯಲ್ಲಿ ನೆರಳಾಗಿ ಕಂಡಿತು.

ಬೆಟ್ಟಮ್ಮ ಬಂದು ಅವನ ಖಾಲಿ ಜಾಗ ನೋಡಿದಳು, ಪ್ರಮೀಳಾಳ ಮುಖ ನೋಡಿದಳು. ಸೆರಗು ಸರಿ ಮಾಡಿಕೊಂಡು ರೆಕಾರ್ಡರಿನ ಮುಂದೆ ಕೂತಳು.

"ಮೊದ್ಲಿಂದ ಕೇಳು ನನ್ನವ್ವ" ಅಂದಳು.

ಪ್ರಮೀಳಾ ಗುಂಡಿ ಒತ್ತಿದಳು. ನಡುಮನೆಯಲ್ಲಿ ಈಗ ಯಾವ ಸದ್ದೂ ಇರಲಿಲ್ಲ. ಕೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ನಿಲ್ಲಿಸಿ, ಮೊದಲಿನಿಂದ ಮತ್ತೆ ಒತ್ತಿದಳು.